ಮೈಸೆಲ್ಫ್, ತಿಪಟೂರು ತಾಲೂಕು

ಇಂಟರ್‌ವ್ಯೂ ಕೊಠಡಿಯ ಹೊರಗೆ ಸೋಫಾದಲ್ಲಿ ಸಾಲಾಗಿ ಕುಳಿತ ಹುಡುಗರ ನಡುವೆ ಇವರನ್ನು ಗುರುತಿಸುವುದು ಕಷ್ಟವೇನಲ್ಲ. ಹುಡುಗರ ಕೈಯಲ್ಲಿ ಫೋನು, ಇವರ ತೊಡೆಯ ಮೇಲೆ ಪ್ಲಾಸ್ಟಿಕ್ ಫೋಲ್ಡರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡಿನಿಂದ ಹಿಡಿದು ಸುರಕ್ಷತಾ ಸಪ್ತಾಹದ ಪ್ರಬಂಧ ಸ್ಪರ್ಧೆಯ ಸಮಾಧಾನಕರ ಬಹುಮಾನದವರೆಗೆ ಎಲ್ಲವೂ ಅದರೊಳಗೆ ಇಸವಿ ಪ್ರಕಾರ ಕೂತಿವೆ. ನೀರು ತಂದುಕೊಟ್ಟ ರಿಸೆಪ್ಷನ್ ಹುಡುಗಿ, ‘ಸಾರ್, ನೀವು ಇಂಟರ್‌ವ್ಯೂ ತಗೊಳ್ಳೋಕೆ ಬಂದೋರಾ?’ ಎಂದು ಕೇಳಿಯೂ ಆಗಿದೆ.

ಇವರನ್ನು ಕ್ವಾಲಿಟಿ ರಾಯರು ಎಂದೇ ಕರೆಯೋಣ. ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಒಂಬತ್ತು ವರ್ಷದ ಸರ್ವಿಸು. ಮೈಕ್ರೋಮೀಟರು, ಬೋರ್ ಗೇಜು, ರಿಜೆಕ್ಷನ್ ರಿಜಿಸ್ಟರು, ಗಿರಾಕಿ ಕೂಗಾಡಿದಾಗ ಬರೆಯುವ ‘8ಡಿ’ ವರದಿ, ಇದೇ ಅವರ ಪ್ರಪಂಚ. ಈಗ ಡೇಟಾ ಅನಲಿಸ್ಟ್ ಆಗುವ ಮನಸ್ಸಾಗಿದೆ. ಭಾನುವಾರಗಳನ್ನು ಕ್ಲಾಸಿಗೆ ಒಪ್ಪಿಸಿ ಎಸ್‌ಕ್ಯೂಎಲ್, ಪವರ್ ಬಿಐ ಕಲಿತಿದ್ದಾರೆ. ನೂರನೇ ಒಂದು ಮಿಲಿಮೀಟರ್ ತಪ್ಪಿದರೂ ಹಿಡಿಯುವ ಈ ಮನುಷ್ಯ, ‘ನಿಮ್ಮ ಬಗ್ಗೆ ಹೇಳಿ’ ಎಂದ ತಕ್ಷಣ ಮಾತ್ರ ಅಳತೆ ತಪ್ಪುತ್ತಾರೆ.

‘ಮೈಸೆಲ್ಫ್ ಬೇಸಿಕಲಿ ಫ್ರಮ್ ತಿಪಟೂರು ತಾಲೂಕ್...’

ಅಲ್ಲಿಂದ ಹೊರಟ ಉತ್ತರ ಪ್ಯಾಸೆಂಜರ್ ರೈಲಿನ ಹಾಗೆ ಎಲ್ಲ ಸ್ಟೇಷನ್ನುಗಳಲ್ಲೂ ನಿಲ್ಲುತ್ತದೆ. ತಂದೆಯವರು ನಿವೃತ್ತ ಮೇಷ್ಟ್ರು, ತಂಗಿಗೆ ಮದುವೆಯಾಗಿದೆ, ಡಿಪ್ಲೊಮಾದಲ್ಲಿ ಫಸ್ಟ್ ಕ್ಲಾಸು, ಆಮೇಲೆ ಸಂಜೆ ಕಾಲೇಜಿನಲ್ಲಿ ಬಿಇ, ಆಮೇಲೆ ಟ್ರೈನಿ, ಆಮೇಲೆ ಇನ್‌ಸ್ಪೆಕ್ಟರು. ಡೇಟಾ ಎಂಬ ಪದ ಬರುವ ಹೊತ್ತಿಗೆ ಐದು ನಿಮಿಷ ಕಳೆದಿರುತ್ತದೆ. ಎದುರಿಗಿದ್ದವರ ಕಣ್ಣು ರೆಸ್ಯೂಮೆಯ ಎರಡನೇ ಪುಟಕ್ಕೆ ಇಳಿದಿರುತ್ತದೆ. ಎಷ್ಟೋ ಸಲ ಅವರು ಆ ಕಾಗದವನ್ನು ಮೊದಲ ಬಾರಿ ಓದುವುದೇ ಈ ಉತ್ತರದ ಹೊತ್ತಿನಲ್ಲಿ. ಪ್ರಶ್ನೆಯ ಅರ್ಧ ಉಪಯೋಗ ಅದೇ. ‘ಓಕೆ, ಓಕೆ, ಹಾಗಾದ್ರೆ ಈ ಫೀಲ್ಡಿಗೆ ಯಾಕೆ?’ ಎಂದು ಅವರು ಮಧ್ಯೆ ಬಾಯಿ ಹಾಕಿದರೆ ರೈಲು ಅಲ್ಲಿಗೇ ರದ್ದಾಯಿತು ಎಂದು ತಿಳಿಯಬೇಕು.

ಮುಂದಿನ ಇಂಟರ್‌ವ್ಯೂಗೆ ರಾಯರು ಊರು ಬಿಟ್ಟರು, ಕ್ಷಮಾಪಣೆ ಹಿಡಿದರು. ‘ನನ್ನದು ನಾನ್-ಐಟಿ ಬ್ಯಾಕ್‌ಗ್ರೌಂಡು, ಈ ಲೈನಿನಲ್ಲಿ ಎಕ್ಸ್‌ಪೀರಿಯನ್ಸ್ ಇಲ್ಲ, ಆದರೆ ಕಲಿಯುವ ಆಸಕ್ತಿ ಇದೆ.’ ಹುಡುಗಿ ನೋಡಲು ಹೋದ ವರ ತನ್ನ ಸಾಲದ ಪಟ್ಟಿ ತಾನೇ ಓದಿದರೆ ಮಾವನಿಗೆ ವಿಚಾರಿಸುವ ಶ್ರಮ ಉಳಿಯಿತು, ಅಷ್ಟೆ. ಅದರ ಮುಂದಿನ ಸಲ ಯಾರೋ ಬರೆದುಕೊಟ್ಟ ಇಂಗ್ಲಿಷನ್ನು ಬಾಯಿಪಾಠ ಮಾಡಿ, ‘ಪ್ಯಾಶನೇಟ್’ ಎಂದು ಮೂರು ಸಲ ಹೇಳಿ ಬಂದರು. ಯಾವುದರ ಬಗ್ಗೆ ಎಂದು ಕೇಳಿದಾಗ ಮುಂದಿನ ಸಾಲು ಮರೆತುಹೋಗಿತ್ತು.

ಕಸುಬು ಬದಲಿಸುವವರ ಈ ಸಂಕಟ ಹೊಸದಲ್ಲ. ಸುಮಾರು 1482ರಲ್ಲಿ ಲಿಯೊನಾರ್ಡೊ ಡ ವಿಂಚಿ ಮಿಲಾನ್‌ನ ಒಡೆಯ ಲುಡೊವಿಕೊ ಸ್ಫೋರ್ಝಾನಿಗೆ ಬರೆದ ಕೆಲಸದ ಅರ್ಜಿಯ ಕರಡು ಉಳಿದುಬಂದಿದೆ. ಬೇಗ ಕಟ್ಟಿ ಬೇಗ ಬಿಚ್ಚುವ ಸೇತುವೆ, ಫಿರಂಗಿ, ಮುಚ್ಚಿದ ಯುದ್ಧರಥ ಎಂದು ಯುದ್ಧದ ಸಾಮಗ್ರಿಯನ್ನು ಅಂಕಿ ಹಾಕಿ ಪಟ್ಟಿ ಮಾಡಿದ್ದಾನೆ. ತಾನು ಚಿತ್ರವನ್ನೂ ಬರೆಯಬಲ್ಲೆ ಎಂಬುದು ಬರುವುದು ಕೊನೆಯ ಹೊತ್ತಿಗೆ. ವಿಂಚಿ ಎಂಬ ಹಳ್ಳಿಯ ಸುದ್ದಿಯಿಲ್ಲ, ತಂದೆ ನೋಟರಿ ಎಂಬ ಮಾತಿಲ್ಲ. ಧಣಿಗೆ ಬೇಕಿದ್ದುದು ಮೊದಲು. ಕಟ್ಟಿ ತೋರಿಸಿದ ಫಿರಂಗಿ ಎಷ್ಟು ಎಂದು ಯಾರಾದರೂ ಕೇಳಿದ್ದರೆ ಕಷ್ಟವಿತ್ತು, ಆ ಭಾಗವನ್ನು ರಾಯರು ಅನುಕರಿಸದಿರುವುದು ಒಳ್ಳೆಯದು.

ರಾಯರನ್ನು ಕೊನೆಗೆ ದಾರಿಗೆ ತಂದದ್ದು ಅವರ ಭಾವಮೈದ. ಸಾಫ್ಟ್‌ವೇರ್ ಕಂಪನಿಯಲ್ಲಿ ಮೇಜಿನ ಆಚೆ ಬದಿ ಕೂರುವವನು. ಒಂದು ಶನಿವಾರ ರಾತ್ರಿ ಊಟವಾದ ಮೇಲೆ ಅವನು ರಾಯರದೇ ಆಯುಧ ತೆಗೆದ. ಕಾರ್ಖಾನೆಯಲ್ಲಿ ದೋಷದ ಮೂಲ ಹುಡುಕಲು ‘ಯಾಕೆ’ ಎಂದು ಐದು ಸಲ ಕೇಳುವ ಪದ್ಧತಿಯಿದೆ, ಟೊಯೋಟಾದವರಿಂದ ಬಂದದ್ದು.

‘ಭಾವ, ಡೇಟಾ ಅನಲಿಸ್ಟ್ ಯಾಕೆ?’

‘ಅದಕ್ಕೆ ಸ್ಕೋಪ್ ಇದೆ ಕಣೋ.’

‘ಸ್ಕೋಪ್ ಸೇಲ್ಸಲ್ಲೂ ಇದೆ. ಅದು ಯಾಕೆ ಬೇಡ?’

‘ನನಗೆ ಜನರ ಹತ್ತಿರ ಮಾತಾಡೋದಕ್ಕಿಂತ ರಿಜಿಸ್ಟರ್ ಜೊತೆ ಕೂರೋದೇ ಹಿತ.’

‘ಅದು ಯಾಕೆ?’

‘ಯಾಕೆ ಅಂದ್ರೆ... ಆ ಸೋಮವಾರದ ಗಲಾಟೆ ನಿಂಗೆ ಹೇಳಿಲ್ವಾ?’

ಹೇಳಿರಲಿಲ್ಲ. ಒಂದು ಭಾಗದ ಬೋರಿನ ಅಳತೆ ತಪ್ಪಿ ಮಾಲು ವಾಪಸ್ ಬರುತ್ತಿತ್ತು. ಎಲ್ಲರೂ ಆಪರೇಟರನ್ನು ಬೈದರು. ರಾಯರು ಒಂಬತ್ತು ತಿಂಗಳ ರಿಜಿಸ್ಟರನ್ನು ಎಕ್ಸೆಲ್‌ಗೆ ಇಳಿಸಿ ಶಿಫ್ಟು, ಮೆಷಿನ್ನು, ದಿನ, ಗಂಟೆಯ ಪ್ರಕಾರ ವಿಂಗಡಿಸಿದರು. ತಪ್ಪಿದ ಪೀಸುಗಳಲ್ಲಿ ಬಹುಪಾಲು ಸೋಮವಾರ ಬೆಳಗಿನ ಮೊದಲ ಗಂಟೆಯವು. ಭಾನುವಾರವಿಡೀ ತಣ್ಣಗೆ ನಿಂತ ಸಿಎನ್‌ಸಿ ಮೆಷಿನ್ ಓಡುತ್ತಾ ಬಿಸಿಯೇರಿದ ಹಾಗೆ ಅದರ ಭಾಗಗಳು ಹಿಗ್ಗಿ ಅಳತೆ ಸರಿಯುತ್ತದೆ. ಮೊದಲ ಪೀಸು ಹಾಕುವ ಮುಂಚೆ ಇಪ್ಪತ್ತು ನಿಮಿಷ ಮೆಷಿನ್ನನ್ನು ಖಾಲಿ ಓಡಿಸಿ ಎಂದರು. ದೂರು ನಿಂತಿತು.

‘ಇದನ್ನ ಯಾಕೆ ಭಾವ ಎಲ್ಲೂ ಹೇಳಿಲ್ಲ?’

‘ಇದರಲ್ಲೇನಿದೆ? ಇದು ಡ್ಯೂಟಿ.’

ಈ ಜಾತಿಯ ಜನರ ಕಾಯಿಲೆಯೇ ಇದು. ಹುದ್ದೆಯ ಹೆಸರನ್ನು ಅನುಭವ ಎಂದುಕೊಂಡು ಮೇಜಿನ ಮೇಲೆ ಇಡುತ್ತಾರೆ, ಮಾಡಿದ ಕೆಲಸವನ್ನು ಮಾಮೂಲು ಎಂದು ಜೇಬಿನಲ್ಲೇ ಉಳಿಸಿಕೊಳ್ಳುತ್ತಾರೆ. ‘ಕ್ವಾಲಿಟಿ ಇನ್‌ಸ್ಪೆಕ್ಟರ್’ ಎಂಬ ಪದ ಡೇಟಾದವರಿಗೆ ಏನನ್ನೂ ಹೇಳುವುದಿಲ್ಲ. ‘ಒಂಬತ್ತು ತಿಂಗಳ ದಾಖಲೆಯಿಂದ ದೋಷದ ಕಾರಣ ಹುಡುಕಿದೆ’ ಎಂದರೆ ಅದು ಅವರದೇ ಭಾಷೆ.

ಭಾವಮೈದ ಫೋನಿನ ಸ್ಟಾಪ್‌ವಾಚ್ ಒತ್ತಿ ಒಂದೂವರೆ ನಿಮಿಷ ಕೊಟ್ಟ. ನಾಲ್ಕಾರು ಸಲ ತಿದ್ದಿದ ಮೇಲೆ ಉತ್ತರಕ್ಕೆ ರೂಪ ಬಂತು. ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ಇಳಿಸಿದರೆ ಹೀಗೆ: ‘ಭಾಗಗಳು ಯಾಕೆ ರಿಜೆಕ್ಟ್ ಆಗುತ್ತವೆ ಎಂದು ದಾಖಲೆಗಳಿಂದ ಹುಡುಕುವುದು ಒಂಬತ್ತು ವರ್ಷದಿಂದ ನನ್ನ ಕೆಲಸ.’ ಆಮೇಲೆ ಸೋಮವಾರದ ಕಥೆ, ಐದಾರು ವಾಕ್ಯದಲ್ಲಿ. ಆಮೇಲೆ, ‘ಆ ಲೆಕ್ಕ ಕೈಯಲ್ಲಿ ಮಾಡಲು ತಿಂಗಳು ಹಿಡಿಯಿತು. ಬೇಗ ಮಾಡುವ ದಾರಿ ಹುಡುಕುತ್ತಾ ಎಸ್‌ಕ್ಯೂಎಲ್ ಕಲಿತೆ, ಪವರ್ ಬಿಐನಲ್ಲಿ ಅದೇ ಮಾದರಿಯ ಡ್ಯಾಶ್‌ಬೋರ್ಡ್ ಕಟ್ಟಿದ್ದೇನೆ. ನಿಮ್ಮಲ್ಲಿ ಗಿರಾಕಿಗಳು ವಾಪಸ್ ಕಳಿಸಿದ ಮಾಲಿನ ವಿಶ್ಲೇಷಣೆ ಇದೆಯೆಂದು ಓದಿದೆ. ಅದಕ್ಕೇ ಅರ್ಜಿ ಹಾಕಿದೆ.’ ಯಾಕೆ ಬಿಟ್ಟೆ, ಈ ಕೆಲಸ ಬರುತ್ತದೋ, ಇಲ್ಲಿಗೇ ಯಾಕೆ ಎಂಬ ಮೂರು ಅನುಮಾನಕ್ಕೂ ಕೇಳುವ ಮೊದಲೇ ಜವಾಬು. ಹಳೆಯ ಮ್ಯಾನೇಜರನ ಮೇಲೊಂದು ಸಣ್ಣ ಚಾಡಿ ಸೇರಿಸಲು ರಾಯರು ತುಂಬಾ ಆಸೆಪಟ್ಟರು, ಭಾವಮೈದ ಬಿಡಲಿಲ್ಲ. ಡ್ಯಾಶ್‌ಬೋರ್ಡಿನಿಂದ ಕಂಪನಿಯ ನಿಜವಾದ ಅಂಕಿಗಳನ್ನೂ ತೆಗೆಸಿ ಕಾಲ್ಪನಿಕ ಅಂಕಿ ಹಾಕಿಸಿದ. ಹಳೆಯವರ ಗುಟ್ಟು ತಂದು ತೋರಿಸುವವನು ನಾಳೆ ನಮ್ಮದನ್ನೂ ಒಯ್ಯುತ್ತಾನೆ ಎಂದು ಎದುರಿನವರಿಗೆ ಅನ್ನಿಸೀತು.

ಇಂಟರ್‌ವ್ಯೂ ದಿನ ಪೀಣ್ಯದಿಂದ ಮೆಜೆಸ್ಟಿಕ್‌ವರೆಗೆ ಹಸಿರು ಮೆಟ್ರೊ, ಅಲ್ಲಿಂದ ವೈಟ್‌ಫೀಲ್ಡ್‌ಗೆ ನೇರಳೆ. ದಾರಿಯುದ್ದಕ್ಕೂ ರಾಯರು ತುಟಿ ಅಲ್ಲಾಡಿಸುತ್ತಾ ಹೋದರು. ಪಕ್ಕದ ಅಜ್ಜಿ ವಿಷ್ಣು ಸಹಸ್ರನಾಮವಿರಬೇಕೆಂದು ಕೈ ಮುಗಿದರು.

ಒಳಗೆ ಕುಳಿತಿದ್ದ ಮೇಡಂ ಉತ್ತರ ಕೇಳಿ ರೆಸ್ಯೂಮೆ ಬದಿಗಿಟ್ಟರು. ‘ಸೋಮವಾರ ಕಾರಣವೋ, ರಜೆ ಕಾರಣವೋ? ಎರಡನ್ನೂ ಹೇಗೆ ಬೇರೆ ಮಾಡಿದಿರಿ?’

‘ಆಯುಧಪೂಜೆ ರಜೆ ಮುಗಿದು ಮೆಷಿನ್ ಶುರುವಾಗಿದ್ದು ಗುರುವಾರ ಮೇಡಂ. ಅವತ್ತೂ ಮೊದಲ ಗಂಟೆ ಹಾಗೇ ಕೆಟ್ಟಿತ್ತು.’

ಮೇಡಂ ಮಾರ್ಕರ್ ಪೆನ್ನು ಮುಂದೆ ಚಾಚಿ, ರಜೆಗಳ ಪಟ್ಟಿ ಒಂದು ಟೇಬಲ್ಲು, ರಿಜೆಕ್ಷನ್ ಇನ್ನೊಂದು ಟೇಬಲ್ಲು, ಎರಡನ್ನೂ ಜೋಡಿಸುವ ಕ್ವೆರಿ ಬರೆಯಿರಿ ಎಂದರು. ರಾಯರು ಬೋರ್ಡಿನ ಹತ್ತಿರ ಹೋಗಿ, ಅಭ್ಯಾಸಬಲದಿಂದ ಮೊದಲು ಪೆನ್ನಿನ ದಪ್ಪ ನೋಡಿ, ಆಮೇಲೆ ಬರೆಯತೊಡಗಿದರು.