ರಜೆ ಕೊಡುವ ದೊರೆ

ನಮ್ಮ ಬೆಂಗಳೂರಿನ ಆಫೀಸಿನ ಎಚ್‌ಆರ್ ಹೆಡ್ಡು ಮೈಕು ಹಿಡಿದರೆ ಕೆಳಗಿಡುವವರಲ್ಲ. "ನಾವೆಲ್ಲ ಒಂದೇ ಮನೆಯವರು" ಎಂದು ಅವರು ಶುರು ಮಾಡಿದರೆ ಸಾಕು, ನಾನು ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ. ಮನೆಯವರು ಎಂದಾಗಲೆಲ್ಲ ಏನೋ ಒಂದು ಕಡಿತವಾಗಿಯೇ ಇರುತ್ತದೆ.

ಮೊನ್ನೆ ಹೊಸ ರಜೆ ನೀತಿಯ ಸಭೆ. ಸಮೋಸ ತಣ್ಣಗಾಗುತ್ತಿತ್ತು. "ಕಂಪನಿ ಉದಾರವಾಗಿ ನಿಮಗೆ 20 ದಿನದ ಕೆಲಸಕ್ಕೆ ಒಂದು ದಿನ ಗಳಿಕೆ ರಜೆ ಕೊಡುತ್ತಿದೆ. 240 ದಿನ ದುಡಿದರೆ 12 ದಿನ! ಅದಲ್ಲದೆ ಕಾಯಿಲೆ-ಕಸಾಲೆಗೆ ವರ್ಷಕ್ಕೆ ಇನ್ನೂ 12!" ಎಂದರು. ನಾವು ಚಪ್ಪಾಳೆ ತಟ್ಟಿದೆವು. ಮೊದಲು ತಟ್ಟಿದವನು ನಾನೇ. ಸಮೋಸ ಬೇಗ ಬರಲಿ ಎಂಬ ಆಸೆ.

ನಂತರ ಮೆತ್ತಗೆ ಒಂದು ಸಾಲು ಸೇರಿಸಿದರು: "ಡಿಸೆಂಬರ್ 31ಕ್ಕೆ ಉಳಿದ ರಜೆಯೆಲ್ಲ ಸೊನ್ನೆ."

ಮುಂದಿನ ಸ್ಲೈಡು, "ನಮ್ಮ ಕಾನೂನುಬದ್ಧತೆ". ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ರಜೆಯ ಕಲಮನ್ನು ಸಣ್ಣ ಅಕ್ಷರದಲ್ಲಿ ಅಂಟಿಸಿದ್ದರು. ಯಾರೂ ಓದಲಾರರು ಎಂಬ ಧೈರ್ಯ. ಆದರೆ ಅಕೌಂಟ್ಸಿನ ಹಿರಿಯರೊಬ್ಬರು ಕನ್ನಡಕ ಮೇಲೇರಿಸಿ ಓದಿಯೇಬಿಟ್ಟರು.

"ಸಾರ್, ಆ 12 ಪ್ಲಸ್ 12 ಕಾಯ್ದೆಯಲ್ಲೇ ಇದೆಯಲ್ಲ? ಉದಾರತೆ ಯಾವುದು?"

ಹೆಡ್ಡು ನೀರು ಕುಡಿದರು.

"ಮತ್ತೆ, ಉಳಿದ ಗಳಿಕೆ ರಜೆ 45 ದಿನದವರೆಗೆ ಮುಂದಿನ ವರ್ಷಕ್ಕೆ ಹೋಗಬೇಕು ಅಂತಿದೆ. ಮೊದಲು 30 ಇತ್ತು, ತಿದ್ದುಪಡಿಯಲ್ಲಿ 45 ಆಯ್ತು. ನಿಮ್ಮ ಸೊನ್ನೆ ಯಾವ ಕಲಮಿನಲ್ಲಿದೆ ಸಾರ್?"

ಸಭೆಯಲ್ಲಿ ಗುಸುಗುಸು. ಹೆಡ್ಡು ತಮ್ಮ ಸ್ಲೈಡನ್ನೇ ಮೊದಲ ಸಲ ನೋಡುವವರಂತೆ ನೋಡಿದರು. "ಪರಿಶೀಲಿಸೋಣ" ಎಂದು ಮೈಕು ಕೆಳಗಿಟ್ಟರು. ಸಂಜೆಗೆ ಮೇಲ್ ಬಂತು: "ಸೊನ್ನೆ" ಅಚ್ಚಿನ ದೋಷವಂತೆ.

ನಾನು ಹಿರಿಹಿರಿ ಹಿಗ್ಗಿದೆ. ಆದರೆ ಮರುದಿನ ರಜೆ ಅರ್ಜಿಗೆ ಸಹಿ ಹಾಕಿಸಲು ಅವರ ಕೋಣೆಗೆ ಹೋದಾಗ ಪರದೆಯ ಮೇಲೆ ಅವರದೇ ಖಾತೆ ತೆರೆದಿತ್ತು. ಉಳಿಕೆ: 45. ವರ್ಷಗಳಿಂದ ಅದೇ 45. ಮೇಲೆ ಬಿದ್ದದ್ದೆಲ್ಲ ತುಂಬಿದ ಕೊಡದ ನೀರಿನಂತೆ ಚೆಲ್ಲಿಹೋಗಿದೆ. "ಊರಿಗೆ ಹೋಗಿ ಎಷ್ಟು ದಿನವಾಯ್ತು ಸಾರ್?" ಎಂದೆ. "ಮಗಳ ಪರೀಕ್ಷೆ ಮುಗೀಲಿ ಅಂತಿದ್ದೆ. ಈಗ ಅವಳಿಗೇ ಕೆಲಸ ಸಿಕ್ಕಿದೆ" ಎಂದು ನಕ್ಕು, ನನ್ನ ಅರ್ಜಿಗೆ ಸಹಿ ಹಾಕಿದರು.

ಇಪ್ಪತ್ತು ದಿನ ದುಡಿದು ಸಂಪಾದಿಸಿದ ಒಂದು ದಿನವನ್ನು ನಾವು ಎಂಥ ಸಂಕೋಚದಿಂದ ಬೇಡುತ್ತೇವೆ! ಈ ತಿಂಗಳ ಸಂಬಳದ ಚೀಟಿ ಬಂದಾಗ ರಜೆಯ ಉಳಿಕೆಯನ್ನೂ ಒಮ್ಮೆ ನೋಡಿ. 45ರ ಹತ್ತಿರ ಇದ್ದರೆ ಇವತ್ತೇ ಊರಿಗೆ ಟಿಕೆಟು ತೆಗೆಸಿ.