ಸರೋವರದೊಳಗಿನ ದುರ್ಯೋಧನ

ಕಾನಸೂರಿನ ಹೆಗಡೇರು ಕವಳ ಉಗಿದು ಬಂದು ಕೂತರು. “ರಾತ್ರಿಯಿಡೀ ಆಟಕ್ಕೆ ಅರವತ್ತು ಸಾವಿರವೇ ಭಾಗವತರೇ? ನಲವತ್ತಕ್ಕೆ ಮುಗಿಸಿ. ಅಡಿಕೆಗೆ ಕೊಳೆ ಬಂದಿದೆ.” (ಈ ಕಾರಣ ಕೊಳೆ ಬಾರದ ವರ್ಷವೂ ಬರುತ್ತದೆ.)

“ಆಗ್ಲಿ. ಎರಡು ಪ್ರಸಂಗದ ಬದಲು ‘ಗದಾಯುದ್ಧ’ ಒಂದೇ. ಹತ್ತಕ್ಕೆ ಶುರು, ಒಂದೂವರೆಗೆ ಮಂಗಳ. ವೇಷ ಹದಿನಾಲ್ಕಲ್ಲ, ಎಂಟು.”

“ಬೆಳಗಿನವರೆಗೇ ಬೇಕು. ವೇಷವೂ ಕಡಿಮೆ ಆಗಬಾರದು.”

“ಹಾಗಾದ್ರೆ ದುಡ್ಡೂ ಕಡಿಮೆ ಆಗಬಾರದು. ರಂಗಸ್ಥಳ ನೀವೇ ಕಟ್ಟಿಸಿ, ಊಟ ಹಾಕಿ, ಐದು ಸಾವಿರ ಇಳಿಸ್ತೇನೆ.”

“ಮೂವತ್ತಕ್ಕೆ?”

“ತಾಳಮದ್ದಳೆ. ಬಣ್ಣವಿಲ್ಲ, ಕಿರೀಟವಿಲ್ಲ. ಹಿಮ್ಮೇಳ, ನಾಲ್ಕು ಅರ್ಥಧಾರಿಗಳು.”

“ಇಪ್ಪತ್ತಕ್ಕೆ?”

“ದುರ್ಯೋಧನ ಸರೋವರಕ್ಕೆ ಇಳೀತಾನೆ. ಭೀಮ ಬರೋದಿಲ್ಲ.”

ಹೆಗಡೇರು ಬೆರಳು ಮಡಚಿ ಲೆಕ್ಕ ಹಾಕಿದರು. “ಬರೀ ಅವನನ್ನ ಮೇಲಕ್ಕೆ ತರೋಕೆ ಎಷ್ಟಾಗ್ತದೆ?”