ಎಂಟು ಗಂಟೆಯ ಪ್ರೋಟೀನಣ್ಣ

ಅರಸೀಕೆರೆಯಲ್ಲಿ ಈಗ ಬೀದಿಗೊಬ್ಬ ಪ್ರೋಟೀನಣ್ಣ ಸಿಗುತ್ತಾನೆ. ವಯಸ್ಸು ನಲವತ್ತರ ಆಚೀಚೆ, ತೂಕ ಎಪ್ಪತ್ತು ಕೆಜಿ, ಅದರಲ್ಲಿ ಹೊಟ್ಟೆಯ ಪಾಲು ಸ್ವಲ್ಪ ಧಾರಾಳ. ನಮ್ಮ ಬೀದಿಯವನು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಹಗಲೆಲ್ಲ ಕ್ವಿಂಟಾಲಿನ ಮಾತು, ಮನೆಗೆ ಬಂದರೆ ಗ್ರಾಮಿನ ಮಾತು. ಅಡುಗೆಮನೆ ಕಟ್ಟೆಯ ಮೇಲೆ ಅಂಗೈಯಗಲದ ತಕ್ಕಡಿ, ಕೈಯಲ್ಲಿ ಮೊಬೈಲು, ಮುಖದಲ್ಲಿ ಟೆಂಡರ್ ದಿನದ ಗಾಂಭೀರ್ಯ.

ಇವನ ವ್ರತಕ್ಕೆ ನಿಯಮ ಎರಡು. ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರವರೆಗೆ ಮಾತ್ರ ಊಟ, ಉಳಿದ ಹದಿನಾರು ಗಂಟೆ ನೀರು, ಇಲ್ಲವೇ ಹಾಲು ಸಕ್ಕರೆ ಇಲ್ಲದ ಕಾಫಿ. ಎರಡನೆಯದು, ಮೈತೂಕದ ಪ್ರತಿ ಕೆಜಿಗೆ 1.6 ಗ್ರಾಂ ಪ್ರೋಟೀನು. ಎಪ್ಪತ್ತನ್ನು 1.6ರಿಂದ ಗುಣಿಸಿದರೆ 112. ಈ 112 ಅವನ ಮನೆಯಲ್ಲಿ ಈಗ ಮನೆದೇವರ ಹೆಸರಿಗಿಂತ ಹೆಚ್ಚು ಸಲ ಕೇಳಿಬರುತ್ತದೆ.

ಅವನ ಅವ್ವ ಸೋಮವಾರ ಸೋಮವಾರ ಒಪ್ಪೊತ್ತು ಮಾಡುವವರು. ಅದಕ್ಕೆ ವಾಚು ಬೇಕಾಗಿಲ್ಲ, ಊರಿಗೆಲ್ಲ ಹೇಳಿಕೊಂಡೂ ಬರುವುದಿಲ್ಲ. ಮಗ ಬೆಳಿಗ್ಗೆ ಹತ್ತಕ್ಕೇ ಗಡಿಯಾರ ನೋಡಲು ಶುರುಮಾಡಿದರೆ, "ಉಪವಾಸ ಮಾಡೋನು ದೇವ್ರನ್ನ ನೋಡ್ಬೇಕು ಕಣಪ್ಪ, ಮುಳ್ಳನ್ನಲ್ಲ" ಅನ್ನುತ್ತಾರೆ.

ಹನ್ನೆರಡು ಹೊಡೆಯಿತು ಅನ್ನಿ. ಎರಡು ಮುದ್ದೆ, ಹುರಳಿಕಾಳಿನ ಬಸ್ಸಾರು. ಪ್ರೋಟೀನಣ್ಣ ಮುದ್ದೆಯನ್ನು ತಕ್ಕಡಿಗೆ ಇಡುತ್ತಾನೆ. ನಾನೂರು ಗ್ರಾಂ. ಮೊಬೈಲು ನೋಡುತ್ತಾನೆ. ರಾಗಿಯಲ್ಲಿ ನೂರು ಗ್ರಾಮಿಗೆ ಏಳು ಗ್ರಾಂ ಪ್ರೋಟೀನು. ಅಲ್ಲಿಗೆ ಇಪ್ಪತ್ತೆಂಟು! ಬಸ್ಸಾರನ್ನು ಎರಡು ಸೌಟು ಜಾಸ್ತಿ ಹಾಕಿಸಿಕೊಳ್ಳುತ್ತಾನೆ, "ಹುರಳಿ ಸತ್ವ" ಅಂತ. ಪಕ್ಕದಲ್ಲಿದ್ದ ಕಾಳಿನ ಪಲ್ಯವನ್ನು ಮಾತ್ರ "ಗ್ಯಾಸು" ಅಂತ ಹೆಂಡತಿಯ ಕಡೆಗೆ ತಳ್ಳುತ್ತಾನೆ. ಸಂಜೆ ನಾಲ್ಕಕ್ಕೆ ಮಂಡಿಯಲ್ಲಿ ಒಂದು ಹೋಳು ಕೊಬ್ಬರಿ, ಒಂದು ಉಂಡೆ ಬೆಲ್ಲ. "ನಮ್ಮೂರ ಬೆಳೆ, ಪೂರ್ತಿ ಶಕ್ತಿ" ಅನ್ನುವುದು ಅದಕ್ಕೆ ಮಂತ್ರ.

ಏಳೂಕಾಲಿಗೆ ಲೆಕ್ಕ ಕೂಡಿಸಿದರೆ, ಮೊಬೈಲಿನ ಧಾರಾಳವನ್ನೆಲ್ಲ ಸೇರಿಸಿಕೊಂಡರೂ ಇನ್ನೂ ಎಪ್ಪತ್ತು ಗ್ರಾಂ ಬಾಕಿ, ಉಳಿದಿರುವುದು ಮುಕ್ಕಾಲು ಗಂಟೆ. ಆಗ ನೋಡಬೇಕು ನೀವು. ಅರ್ಧ ಲೀಟರ್ ನಂದಿನಿ ಹಾಲಿಗೆ ಒಂದು ಚಮಚೆ ಪ್ರೋಟೀನ್ ಪುಡಿ ಕಲಕಿ ನಿಂತೇ ಕುಡಿದು, ಬಸ್ ಸ್ಟ್ಯಾಂಡಿನ ಕಡೆ ಓಟ. ಮನೆಯಲ್ಲಿ ಮೊಟ್ಟೆ ತರುವಂತಿಲ್ಲವಲ್ಲ, ಅವ್ವನ ಲಿಂಗಪೂಜೆಯ ಮನೆ! ತಳ್ಳುಗಾಡಿಯ ಮುಂದೆ ಆರು ಬೇಯಿಸಿದ ಮೊಟ್ಟೆ, ಒಂದು ಕಣ್ಣು ವಾಚಿನ ಮೇಲೆ. "ಅಣ್ಣ, ರೈಲೇನೂ ಹೊರಟಿಲ್ಲ, ಮೆಲ್ಲಗೆ ತಿನ್ನಿ" ಅಂತ ಗಾಡಿಯವನು ನೀರು ಕೊಡುತ್ತಾನೆ. ಏಳು ಐವತ್ತೆಂಟಕ್ಕೆ ಕೊನೆಯ ಮೊಟ್ಟೆ ಒಳಗೆ. ಗೆದ್ದ ನಗು.

ಗೆಲುವಿನ ಬೆಲೆ ರಾತ್ರಿ ಗೊತ್ತಾಗುತ್ತದೆ. ಹೊಟ್ಟೆ ಉಬ್ಬರ, ಹುಳಿತೇಗು, ಎರಡು ಗಂಟೆಗೆ ಜೀರಿಗೆ ನೀರು. ಇಷ್ಟೊಂದು ಪ್ರೋಟೀನನ್ನು ಒಟ್ಟಿಗೆ ತುಂಬಿದರೆ ಹಸಿವು ಬೇಗ ತಲೆಯೆತ್ತುವುದಿಲ್ಲ. ಹಾಗಾಗಿ ಮರುದಿನ ಹನ್ನೆರಡಕ್ಕೆ ಅರ್ಧ ಮುದ್ದೆಗೇ ಸಾಕು ಅನ್ನಿಸುತ್ತದೆ. ಮಧ್ಯಾಹ್ನ ಕಡಿಮೆಯಾದ್ದರಿಂದ ಸಂಜೆ ಬಾಕಿ ಇನ್ನೂ ದೊಡ್ಡದು, ಓಟ ಇನ್ನೂ ಜೋರು.

ಹಾಸನದಲ್ಲಿ ಡಯಟಿಷಿಯನ್ ಆಗಿರುವ ನಾದಿನಿ ಒಂದು ಭಾನುವಾರ ಬಂದಳು. ಭಾವನ ಮೊಬೈಲು ಇಸಕೊಂಡು ನೋಡಿ ನಕ್ಕಳು.

"ಭಾವ, ರಾಗಿಗೆ ಏಳು ಅಂತ ಬರೆದಿರೋದು ಒಣ ಹಿಟ್ಟಿನ ಲೆಕ್ಕ. ನೀವು ತೂಗಿರೋದು ಮುದ್ದೆ. ಅದರಲ್ಲಿ ಮುಕ್ಕಾಲುವಾಸಿ ನೀರೇ. ನಾನೂರು ಗ್ರಾಂ ಮುದ್ದೆಗೆ ಹೋಗಿರೋದು ನೂರು, ನೂರಿಪ್ಪತ್ತು ಗ್ರಾಂ ಹಿಟ್ಟು. ನಿಮಗೆ ಸಿಕ್ಕಿದ್ದು ಎಂಟು."

"ಹಂಗಾದ್ರೆ ಹುರಳಿ?"

"ಹುರಳೀಲಿ ಇಪ್ಪತ್ತೆರಡಿದೆ. ಆದ್ರೆ ಅದು ಬಹುಪಾಲು ಕಾಳಲ್ಲೇ ಉಳೀತದೆ. ನೀವು ಕಟ್ಟು ಕುಡಿದು ಕಾಳನ್ನ ಅಕ್ಕನಿಗೆ ಕೊಟ್ಟಿದೀರ. ಪ್ರೋಟೀನು ಹೋಗಿರೋದು ಅಕ್ಕನಿಗೆ."

ಅಕ್ಕ ಮೊದಲ ಸಲ ಈ ವ್ರತದ ಬಗ್ಗೆ ಆಸಕ್ತಿ ತೋರಿಸಿದಳು.

ಕೊಬ್ಬರಿಯ ಸರದಿ ಬಂದಾಗ ಪ್ರೋಟೀನಣ್ಣನಿಗೆ ಊರಿನ ಮರ್ಯಾದೆಯೇ ಹೋದಂತಾಯಿತು. ನೂರು ಗ್ರಾಂ ಕೊಬ್ಬರಿಯಲ್ಲಿ ಪ್ರೋಟೀನು ಸುಮಾರು ಏಳು ಗ್ರಾಂ, ಕೊಬ್ಬು ಅರವತ್ತು ದಾಟುತ್ತದೆ. ಎಣ್ಣೆಗೆ ಬೆಳೆದ ಕಾಯಿಯಿಂದ ಮಾಂಸಖಂಡ ಕೇಳಿದರೆ ಅದಾದರೂ ಏನು ಮಾಡೀತು?

"ಒಂದು ಹೊತ್ತಿಗೆ ಮೂವತ್ತು ಗ್ರಾಮಿಗಿಂತ ಜಾಸ್ತಿ ಮೈಗೆ ಹತ್ತಲ್ವಂತೆ, ವ್ಯರ್ಥವಂತೆ" ಅಂತ ಇವನು ಕೊನೆಯ ಅಸ್ತ್ರ ಬಿಟ್ಟ. ಹಾಗೇನಿಲ್ಲ, ಜಾಸ್ತಿ ತಿಂದರೆ ಕರುಳು ನಿಧಾನವಾಗಿ ಹೀರಿಕೊಳ್ಳುತ್ತದೆ ಅಷ್ಟೆ, ಕಷ್ಟವಿರುವುದು ಹೊಟ್ಟೆಗೆ ಎಂದು ಅವಳು ವಿವರಿಸಿದಳು. ಆಮೇಲೆ ಕ್ಯಾಲೆಂಡರಿನ ಹಿಂದೆ ಲೆಕ್ಕ ಬರೆದಳು.

ಹನ್ನೆರಡಕ್ಕೆ: ಎರಡು ಮುದ್ದೆಗೆ ನೂರು ಗ್ರಾಂ ಹಿಟ್ಟು, ಅದರಿಂದ ಏಳು. ನಲವತ್ತು ಗ್ರಾಂ ಹುರಳಿಯ ಕಾಳು, ಪಲ್ಯದ ಸಮೇತ, ಒಂಬತ್ತು. ಐವತ್ತು ಗ್ರಾಂ ಸೋಯಾ ಚಂಕ್ಸಿನ ಗೊಜ್ಜು, ಇಪ್ಪತ್ತಾರು. ಚಂಕ್ಸನ್ನು ನೆನೆಸುವ ಮೊದಲೇ ತೂಗಬೇಕು, ನೀರು ಕುಡಿದ ಮೇಲೆ ತೂಗಿದರೆ ಮತ್ತೆ ಮುದ್ದೆಯ ಕಥೆಯೇ. ಒಟ್ಟು ನಲವತ್ತೆರಡು.

ನಾಲ್ಕಕ್ಕೆ: ಕಾಲು ಲೀಟರ್ ಹಾಲು ಎಂಟು, ಅದಕ್ಕೆ ಒಂದು ಚಮಚೆ ಪುಡಿ ಇಪ್ಪತ್ತನಾಲ್ಕು, ನಲವತ್ತು ಗ್ರಾಂ ಹುರಿದ ಕಡಲೆಕಾಯಿ ಬೀಜ ಹತ್ತು. ಮತ್ತೆ ನಲವತ್ತೆರಡು. ಪುಡಿ ಬೇಡವೆಂದರೆ ಗಾಡಿಯ ನಾಲ್ಕು ಮೊಟ್ಟೆ ಅದೇ ಇಪ್ಪತ್ತನಾಲ್ಕು ಕೊಡುತ್ತವೆ, ಓಡದೆ ನಡೆದುಕೊಂಡೇ ಹೋಗಬಹುದು.

ಏಳಕ್ಕೆ: ಎರಡು ಚಪಾತಿ ಆರು, ನೂರು ಗ್ರಾಂ ಪನೀರು ಹದಿನೆಂಟು, ಒಂದು ಬಟ್ಟಲು ಮೊಸರು ಆರು. ಮೂವತ್ತು. ಕೂಡಿಸಿದರೆ 114, ಮನೆದೇವರಿಗೂ ಎರಡು ಗ್ರಾಂ ಮಿಕ್ಕಿತು.

"ಭಾವ, ಎಂಟು ಗಂಟೆ ಕಡಿಮೆಯಾಗಿಲ್ಲ. ನೀವು ಮೊದಲ ಊಟಾನ ಖಾಲಿ ಬಿಟ್ಟು ಕೊನೇ ಊಟದ ತಲೆ ಮೇಲೆ ಎಲ್ಲಾ ಹೊರಿಸ್ತಿದೀರ. ಹನ್ನೆರಡಕ್ಕೇ ನಲವತ್ತು ಮುಗಿಸಿ, ಸಂಜೆ ತಾನೇ ಹಗುರಾಗುತ್ತೆ." ಸೋಯಾವನ್ನು ಮೊದಲ ದಿನವೇ ಐವತ್ತು ಗ್ರಾಂ ತಿನ್ನದೆ ಇಪ್ಪತ್ತರಿಂದ ಶುರುಮಾಡಲು ಹೇಳಿದಳು, ಅದರ ಕಾರಣ ಮನೆಯವರಿಗೆಲ್ಲ ಬೇಗ ಅರ್ಥವಾಯಿತು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಈ ವ್ರತಕ್ಕೆ ಕೈ ಹಾಕಬಾರದು ಅಂತಲೂ ಅಂದಳು. ಇದನ್ನು ಅವಳು ಹೇಳಿದ್ದು ಅವ್ವನ ಕಡೆ ನೋಡಿ. ಅವ್ವ ಅಂದರು, "ನಂಗ್ಯಾಕವ್ವ, ನಾನು ಮೂರು ಹೊತ್ತೂ ಕಾಳೇ ತಿನ್ನೋಳು."

ಹೊರಡುವಾಗ ನಾದಿನಿ ಕೇಳಿದಳು, "ಜಿಮ್ಮಿಗೆ ದಿನಾ ಹೋಗ್ತೀರ ತಾನೇ?" ಪ್ರೋಟೀನಣ್ಣ ವಾಚು ನೋಡಿಕೊಂಡ. ಕಾರ್ಡು ಮಾಡಿಸಿರುವುದು ನಿಜ.

ಗುಟ್ಟು ಇರುವುದು ಅಲ್ಲೇ. 1.6ರ ಲೆಕ್ಕ ಭಾರ ಎತ್ತುವವರದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2020ರಲ್ಲಿ ನಮ್ಮಂಥ ಸಾಮಾನ್ಯರಿಗೆ ಕೊಟ್ಟ ಲೆಕ್ಕ ಕೆಜಿಗೆ 0.83 ಗ್ರಾಂ. ಎಪ್ಪತ್ತು ಕೆಜಿಯ ಆಸಾಮಿಗೆ ಐವತ್ತೆಂಟು. ಲೆಕ್ಕದ ಪುಸ್ತಕ ಬಿಟ್ಟು ಬೇರೇನೂ ಎತ್ತದ ಪ್ರೋಟೀನಣ್ಣಂದಿರಿಗೆ ಅಷ್ಟು ಸಾಕು. ಪಲ್ಯದ ಬಟ್ಟಲನ್ನು ಹೆಂಡತಿಯ ಕಡೆ ತಳ್ಳದಿದ್ದರೆ ಅದು ಎಂಟು ಗಂಟೆಯೊಳಗೆ ಸಲೀಸಾಗಿ ಬರುತ್ತದೆ.